ಟಿಎಂಟಿ ನಾರ್ಮಲ್ ಬಂದು ತಿಂಗಳೊಳಗೆ ಹಾರ್ಟ್ ಅಟ್ಯಾಕ್, 40% ಬ್ಲಾಕ್ ಇದ್ದದ್ದು 100% ಆಗಿದ್ದು ಹೇಗೆ?

ಸಾಗರದ_ಸುಬ್ಬು
ಎಲ್ರಿಗೂ ನಮಸ್ಕಾರ. ನಮ್ ಭಾವಂಗೆ 46 ವರ್ಷ, ದಿನಕ್ಕೆ ಐದಾರು ಸಿಗರೇಟು ಬಿಟ್ರೆ ಬೇರೆ ಚಟ ಇಲ್ಲ, ಹೊಟ್ಟೆ ಸ್ವಲ್ಪ ಇದೆ ಅಷ್ಟೆ. ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ಟಿಎಂಟಿ ಮಾಡ್ಸಿದ್ರು, ಟ್ರೆಡ್‌ಮಿಲ್ ಮೇಲೆ ಒಂಬತ್ತು ನಿಮಿಷ ಚೆನ್ನಾಗೇ ಓಡಿದ್ರು, ನೆಗೆಟಿವ್ ಅಂತ ರಿಪೋರ್ಟ್ ಕೊಟ್ರು, ಮನೆಯವರೆಲ್ಲ ನಿರಾಳ ಆದ್ವಿ. ಅದಾಗಿ ತಿಂಗಳು ತುಂಬಿರ್ಲಿಲ್ಲ, ಒಂದಿನ ಬೆಳಗಿನ ಜಾವ ಎದೆ ಹಿಡ್ಕೊಂಡು ಎದ್ದು ಕೂತ್ರು, ಗ್ಯಾಸ್ಟ್ರಿಕ್ ಇರ್ಬೇಕು ಅಂತ ಮಾತ್ರೆ ನುಂಗಿ ಬಿಸಿನೀರು ಕುಡ್ಕೊಂಡು ಎರಡು ಗಂಟೆ ಕಳೆದ್ರು, ಆಮೇಲೆ ಬನಿಯನ್ ಹಿಂಡೋ ಹಾಗೆ ಬೆವರು ಬಂದಾಗ ಅಕ್ಕ ಗಾಬರಿಯಾಗಿ ಆಸ್ಪತ್ರೆಗೆ ಕರ್ಕೊಂಡು ಹೋದ್ಲು. ಇಸಿಜಿ ನೋಡಿದವರೇ ಸೀದಾ ಕ್ಯಾತ್‌ಲ್ಯಾಬಿಗೆ ತಳ್ಳಿದ್ರು, ಹೃದಯದ ಮುಂಭಾಗಕ್ಕೆ ರಕ್ತ ಕೊಡೋ ಎಲ್‌ಎಡಿ ನಾಳ 100% ಬ್ಲಾಕ್ ಅಂತೆ, ಸ್ಟೆಂಟ್ ಹಾಕಿದ್ರು, ಈಗ ಮನೇಲಿದಾರೆ.

ನನ್ ತಲೆ ಕೆಟ್ಟಿರೋದು ಡಿಸ್ಚಾರ್ಜ್ ಸಮ್ಮರಿ ನೋಡಿ. ಅದರಲ್ಲಿ ಕ್ಲಾಟ್ ಎಳೆದು ತೆಗೆದ ಮೇಲೆ ಕೆಳಗಿದ್ದ ಬ್ಲಾಕ್ 40ರಿಂದ 45% ಅಂತ ಇದೆ, ಜೊತೆಗೆ ನಾಳದ ಒಳಗಿಂದ ಚಿತ್ರ ತೆಗೆಯೋ ಓಸಿಟಿಯಲ್ಲಿ ಪ್ಲಾಕ್ ರಪ್ಚರ್ ಕಾಣ್ತು ಅಂತಾನೂ ಬರೆದಿದಾರೆ. 40 ಇದ್ದದ್ದು 100 ಆಗಿದ್ದು ಯಾವಾಗ? ಟಿಎಂಟಿ ಮಾಡಿದವರು ಸರಿಯಾಗಿ ನೋಡ್ಲಿಲ್ವಾ? ಅಕ್ಕ ಅಂತೂ ಆ ಲ್ಯಾಬಿನ ಮೇಲೆ ಕೇಸ್ ಹಾಕ್ತೀನಿ ಅಂತ ಕೂತಿದಾಳೆ.

ಕುಡ್ಲದ_ಕಿಟ್ಟಣ್ಣ
ಅದು ಸಿಂಪಲ್ ಮಾರಾಯ್ರೆ, ಬಾವಿ ನೀರಿನ ಪೈಪಲ್ಲಿ ವರ್ಷಗಟ್ಟಲೆ ಪಾಚಿ ಕಟ್ಟಿ ಕಟ್ಟಿ ಒಂದು ದಿವಸ ಪೂರಾ ಬಂದ್ ಆಗುದಿಲ್ವಾ, ಹಾಗೆಯೇ. ಎಣ್ಣೆ ತುಪ್ಪ ತಿಂದದ್ದು ರಕ್ತನಾಳದ ಒಳಗೆ ಅಂಟಿಕೊಳ್ತದೆ, 40 ಆಗ್ತದೆ, 70 ಆಗ್ತದೆ, 90 ಆಗ್ತದೆ, ಕಡೆಗೆ ಅಟ್ಯಾಕ್. ನಿಮ್ಮ ಭಾವನದ್ದು ಟಿಎಂಟಿ ಮಾಡುವಾಗಲೇ 90 ಇದ್ದಿರ್ಬೇಕು, ಅವರು ಸರಿ ನೋಡ್ಲಿಲ್ಲ.

ಸ್ಲೈಡ್_ಮೇಷ್ಟ್ರು
ಕಿಟ್ಟಣ್ಣನವರೇ, ನಿಮ್ಮ ಪೈಪಿನ ಲೆಕ್ಕ ಎದೆನೋವು ಬಂದು ಬಂದು ಹೋಗೋರಿಗೆ ಅಷ್ಟೋ ಇಷ್ಟೋ ಹೊಂದುತ್ತೆ. ಮೆಟ್ಟಿಲು ಹತ್ತುವಾಗ ಎದೆ ಬಿಗಿಯುತ್ತೆ, ನಿಂತ್ರೆ ಸರಿಹೋಗುತ್ತೆ, ಅವರ ನಾಳ ನಿಧಾನವಾಗಿ ಕಿರಿದಾಗಿರುತ್ತೆ. ಸುಬ್ಬು ಅವರ ಭಾವಂಗೆ ಆಗಿದ್ದು ಅದಲ್ಲ. ನಾನು ಮೆಡಿಕಲ್ ಕಾಲೇಜಲ್ಲಿ ಪೆಥಾಲಜಿ ಪಾಠ ಮಾಡ್ತಿದ್ದೆ, ಈಗ ರಿಟೈರ್ಡ್, ಹಾರ್ಟ್ ಅಟ್ಯಾಕಿಂದ ಸತ್ತವರ ಹೃದಯ ಬಹಳ ಕೊಯ್ದು ನೋಡಿದೀನಿ.

ಮೊದಲು ಟಿಎಂಟಿ ವಿಷಯ. ಓಡುವಾಗ ಹೃದಯದ ಸ್ನಾಯುವಿಗೆ ಬೇಕಾದಷ್ಟು ರಕ್ತ ಹೋಗ್ತಿದೆಯಾ ಅನ್ನೋದೊಂದೇ ಆ ಟೆಸ್ಟ್ ಕೇಳೋ ಪ್ರಶ್ನೆ. ನಾಳ ಹೆಚ್ಚುಕಮ್ಮಿ 70% ಕಿರಿದಾಗೋ ತನಕ ಹೆಚ್ಚಿನವರಲ್ಲಿ ಓಡುವಾಗಲೂ ರಕ್ತ ಸಾಕಾಗುತ್ತೆ. 40% ಇದ್ದವರು ಒಂಬತ್ತು ನಿಮಿಷ ಓಡಿ ನೆಗೆಟಿವ್ ಬಂದ್ರೆ ಟೆಸ್ಟ್ ಸರಿಯಾಗೇ ಉತ್ತರ ಕೊಟ್ಟಿದೆ ಅಂತ ಅರ್ಥ. ನಾವು ಅದನ್ನ ಹಾರ್ಟ್ ಅಟ್ಯಾಕ್ ಬರಲ್ಲ ಅನ್ನೋ ಸರ್ಟಿಫಿಕೇಟ್ ಅಂದ್ಕೊಂಡ್ವಿ, ಪ್ಯಾಕೇಜ್ ಮಾರೋರೂ ಹಾಗೇ ಅಂದ್ಕೊಳ್ಳೋಕೆ ಬಿಟ್ರು. ಕೇಸ್ ಹಾಕೋ ವಿಚಾರ ಬಿಡೋಕೆ ಹೇಳಿ ಅಕ್ಕಂಗೆ.

ಆ 100% ಇದೆಯಲ್ಲ, ಅದರಲ್ಲಿ ಉಳಿದ ಪಾಲು ಹೆಪ್ಪುಗಟ್ಟಿದ ರಕ್ತ. ಹೊತ್ತು ಮೂಡೋಕೆ ಮುಂಚೆ, ಅವರು ನೋವಿಗೆ ಎದ್ದು ಕೂತ ಹೊತ್ತಿಗೆ ಆಗಿದ್ದು.

ಸಾಗರದ_ಸುಬ್ಬು
ಅಂದ್ರೆ ತಿಂಗಳ ಹಿಂದೆನೂ 40, ಅಟ್ಯಾಕ್ ಆದ ದಿನಾನೂ ಕೊಬ್ಬು 40ನೇನಾ? ಮತ್ತೆ ಅದೇ ದಿನ ಯಾಕೆ ಹೆಪ್ಪುಗಟ್ತು ಸಾರ್?

ಸ್ಲೈಡ್_ಮೇಷ್ಟ್ರು
ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆ ಇರ್ಲಿ.

ಕೊಬ್ಬು ನಾಳದ ಒಳಮೈಗೆ ಅಂಟಿಕೊಳ್ಳಲ್ಲ, ಗೋಡೆಯ ಒಳಗೆ ಸೇರುತ್ತೆ, ಇಡೀ ಕಥೆಗೆ ಇದೇ ಬುಡ. ನಾಳದ ಒಳಮೈಗೆ ಒಂದೇ ಒಂದು ಪದರ ಜೀವಕೋಶಗಳ ಹಾಸು ಇರುತ್ತೆ. ನಾಳ ಕವಲೊಡೆಯೋ ಜಾಗದಲ್ಲಿ, ತಿರುವಿನಲ್ಲಿ ರಕ್ತ ನೇರವಾಗಿ ಹರಿಯದೆ ಸುಳಿ ತಿರುಗುತ್ತೆ, ಅಲ್ಲಿ ಆ ಹಾಸು ಅಷ್ಟು ಭದ್ರ ಇರಲ್ಲ, ಅದಕ್ಕೇ ಎಲ್‌ಎಡಿಯ ಶುರುವಿನ ಭಾಗದಲ್ಲಿ ಇದು ಪದೇ ಪದೇ ಸಿಗೋದು. ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ಕೊಂಡು ಹೋಗೋ ಎಲ್‌ಡಿಎಲ್ ಕಣ ಆ ಹಾಸು ದಾಟಿ ಗೋಡೆಯೊಳಗೆ ಹೋಗುತ್ತೆ, ಕೆಲವು ವಾಪಸ್ ಬರದೆ ಅಲ್ಲೇ ಸಿಕ್ಕಿಹಾಕ್ಕೊಂಡು ಕೆಡುತ್ತವೆ. ಕೆಟ್ಟ ಮಾಲು ತೆಗೆಯೋಕೆ ಬಿಳಿರಕ್ತಕಣ ಒಳಗೆ ಬರುತ್ತೆ, ತಿನ್ನುತ್ತೆ, ತಿಂದೂ ತಿಂದೂ ಊದಿಕೊಂಡು ಅಲ್ಲೇ ಸಾಯುತ್ತೆ, ಅದು ಸತ್ತ ಮೇಲೆ ಅದರೊಳಗಿನ ಕೊಬ್ಬೂ ಅಲ್ಲೇ ಉಳಿಯುತ್ತೆ. ವರ್ಷಗಟ್ಟಲೆ ಇದು ನಡೆದಾಗ ಗೋಡೆ ಮಧ್ಯೆ ಮೆತ್ತಗಿನ, ಹಳದಿ ಮುದ್ದೆ ಕೂರುತ್ತೆ. ಅದಕ್ಕೂ ಹರಿಯೋ ರಕ್ತಕ್ಕೂ ಮಧ್ಯೆ ನಾರಿನ ಒಂದು ಮುಚ್ಚಳ ಬೆಳೆಯುತ್ತೆ, ಗೋಡೆಯ ಸ್ನಾಯುಕೋಶಗಳೇ ಕೊಲ್ಯಾಜನ್ ಅನ್ನೋ ನಾರು ಹೆಣೆದು ಅದನ್ನ ಮಾಡ್ತವೆ. ಮುದ್ದೆ, ಮುಚ್ಚಳ ಎರಡೂ ಸೇರಿದ್ದೇ ಪ್ಲಾಕ್. ಇದು ಐವತ್ತರ ಕಾಯಿಲೆ ಅಂದ್ಕೋಬೇಡಿ. ಕೊರಿಯಾ ಯುದ್ಧದಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯ ಕೊಯ್ದು 1953ರಲ್ಲಿ ವರದಿ ಮಾಡಿದ್ರು, ಸರಾಸರಿ ವಯಸ್ಸು 22, ಮುಕ್ಕಾಲು ಪಾಲು ಜನರ ಹೃದಯದ ನಾಳದಲ್ಲಿ ಆಗಲೇ ಏನಾದ್ರೊಂದು ಗುರುತು ಇತ್ತು.

ಇನ್ನು ಇದು ಬೆಳೆಯೋ ಬಗೆ. ಮುದ್ದೆ ದೊಡ್ಡದಾದ ಹಾಗೆ ನಾಳ ಹೊರಗಡೆಗೆ ಹಿಗ್ಗಿ ಜಾಗ ಮಾಡ್ಕೊಡುತ್ತೆ, ರಕ್ತ ಹರಿಯೋ ದಾರಿ ಹಾಗೇ ಉಳಿಯುತ್ತೆ. 1987ರಲ್ಲಿ ಗ್ಲಾಗೋವ್ ಅನ್ನೋರು ಇದನ್ನ ಅಳೆದು ತೋರಿಸಿದ್ರು, ಪ್ಲಾಕ್ ನಾಳದ ಸುಮಾರು 40% ಜಾಗ ತಿನ್ನೋ ತನಕ ದಾರಿ ಕಿರಿದಾಗೋದೇ ಇಲ್ಲ. ಆಂಜಿಯೋಗ್ರಾಮ್ ತೋರಿಸೋದು ದಾರಿಯನ್ನ ಮಾತ್ರ, ಗೋಡೆಯನ್ನಲ್ಲ. ಹಾಗಾಗಿ ನಿಮ್ಮ ಭಾವನ ರಿಪೋರ್ಟಲ್ಲಿ 40% ಅಂತ ಬರೆದಿರೋ ಜಾಗದ ಗೋಡೆಯಲ್ಲಿ ಅದಕ್ಕಿಂತ ತುಂಬಾ ಜಾಸ್ತಿ ಮಾಲು ಇದ್ದಿರುತ್ತೆ.

ಬಲೂನ್_ಬಾಬು
ಕ್ಯಾತ್‌ಲ್ಯಾಬ್ ಟೆಕ್ನಿಷಿಯನ್ ನಾನು, ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಅಟ್ಯಾಕ್ ಆಗ್ತಿರುವಾಗಲೇ ಇಂಥ ಕೇಸ್ ಬಂದಾಗ ವೈರ್ ದಾಟಿಸಿ, ಕ್ಲಾಟ್ ಜಾಸ್ತಿ ಇದೆ ಅನ್ಸಿದ್ರೆ ಮಾತ್ರ ಸಣ್ಣ ಟ್ಯೂಬಲ್ಲಿ ಎಳೀತೀವಿ, ಎಲ್ಲರಿಗೂ ಎಳೆಯೋದು ಈಗ ಬಿಟ್ಟಿದಾರೆ. ಎಳೆದಿದ್ದನ್ನ ಜರಡಿಗೆ ಹಾಕಿದಾಗ ಕೆಂಪು ಎಳೆ, ಮಧ್ಯೆ ಬೆಳ್ಳಗಿನ ತುಣುಕು ಸಿಗುತ್ತೆ, ಬೆಳ್ಳಗಿರೋದು ಪ್ಲೇಟ್‌ಲೆಟ್, ಮೊದಲು ಕೂರೋದು ಅದೇ. ಅಲ್ಲೇ ನಿಂತಿರೋ ಮನೆಯವರು ಇಷ್ಟು ಚಿಕ್ಕದಾ ಅಂತ ಕೇಳ್ತಾರೆ. ಎಲ್‌ಎಡಿನೇ ಮೂರು ನಾಲ್ಕು ಮಿಲಿಮೀಟರ್ ಅಗಲ ರೀ, ಎಷ್ಟು ದೊಡ್ಡದು ಸಿಗ್ಬೇಕು.

ಆಮೇಲೆ ಓಸಿಟಿ ಕ್ಯಾತೆಟರ್ ಹಿಂದಕ್ಕೆ ಎಳೀತಾ ನೋಡಿದ್ರೆ ಗೋಡೆ ಸುತ್ತ ಗೆರೆ ನೀಟಾಗಿ ಬರ್ತಾ ಬರ್ತಾ ಒಂದು ಕಡೆ ಕಿತ್ತುಹೋಗಿರುತ್ತೆ, ಕಿತ್ತ ಅಂಚು ಒಳಗೆ ಅಲ್ಲಾಡ್ತಿರುತ್ತೆ, ಹಿಂದೆ ಖಾಲಿ ಗೂಡು. ಅದರಲ್ಲಿದ್ದ ಮುದ್ದೆ ರಕ್ತದ ಜೊತೆ ಕೊಚ್ಕೊಂಡು ಹೋಗಿರುತ್ತೆ. ಸಮ್ಮರಿಯಲ್ಲಿ ರಪ್ಚರ್ ಅಂತ ಬರೆದಿರೋದು ಇದನ್ನೇ.

ಧಾರವಾಡ_ಫೇಡಾ
ಎಲ್ಲಾರೂ ಮತ್ತ ಎಲ್‌ಡಿಎಲ್ ಎಲ್‌ಡಿಎಲ್ ಅಂತೀರಿ. ಕೊಲೆಸ್ಟ್ರಾಲ್ ಅನ್ನೂದೊಂದು ದೊಡ್ಡ ಗುಮ್ಮ ಮಾಡ್ಯಾರ್ರೀ, ಗುಳಿಗಿ ಮಾರಾಕ. ನಮ್ಮಜ್ಜ ಬೆಣ್ಣಿ ರೊಟ್ಟಿ ತಿಂದು 92 ವರ್ಷ ಬದುಕಿದ. ಖರೇ ಕಾರಣ ಉರಿಯೂತ, ಇನ್ಫ್ಲಮೇಶನ್. ಅದನ್ನ ಕಡಿಮಿ ಮಾಡ್ರಿ, ಕೊಲೆಸ್ಟ್ರಾಲ್ ಎಷ್ಟರ ಇರಲಿ ಏನೂ ಆಗೂದಿಲ್ಲ.

ಸ್ಲೈಡ್_ಮೇಷ್ಟ್ರು
ಫೇಡಾ ಅವರೇ, ಅರ್ಧ ಮಾತು ನಿಮ್ಮದು ಸರಿ, ಅದೂ ಮುಖ್ಯವಾದ ಅರ್ಧ. ಮುಚ್ಚಳ ಹರಿಯೋಕೆ ಕಾರಣ ಉರಿಯೂತಾನೇ. ಆ ಮುದ್ದೆಯ ಸುತ್ತ ಜಮಾಯಿಸಿದ ಬಿಳಿರಕ್ತಕಣಗಳು ಕೊಲ್ಯಾಜನ್ ಕರಗಿಸೋ ಕಿಣ್ವ ಬಿಡ್ತವೆ, ಇನ್ನೊಂದು ಕಡೆ ಕೊಲ್ಯಾಜನ್ ಹೆಣೆಯೋ ಸ್ನಾಯುಕೋಶಗಳು ಸಾಯ್ತಾ ಬರ್ತವೆ, ರಿಪೇರಿ ಕಮ್ಮಿ, ಕೆಡವೋದು ಜಾಸ್ತಿ. ಮುಚ್ಚಳ ತೆಳ್ಳಗಾಗ್ತಾ 65 ಮೈಕ್ರಾನ್‌ಗಿಂತ ಕೆಳಗೆ ಬಂದ್ರೆ ನಾವು ಅದನ್ನ ಹರಿಯೋ ಜಾತಿದು ಅಂತ ಲೆಕ್ಕ ಹಾಕ್ತೀವಿ. ಹರಿಯೋದು ಹೆಚ್ಚಾಗಿ ನಟ್ಟನಡುವೆ ಅಲ್ಲ, ಮುಚ್ಚಳ ಪಕ್ಕದ ಒಳ್ಳೆ ಗೋಡೆಗೆ ಸೇರೋ ಅಂಚಿನಲ್ಲಿ. ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಬಿಳಿಕಣದ ಗುಂಪು ಸರಿಯಾಗಿ ಆ ಅಂಚಿಗೇ ಮುತ್ತಿಕೊಂಡಿರುತ್ತೆ.

ಉರಿಯೂತ ಒಂದನ್ನೇ ತಗ್ಗಿಸಿದ್ರೆ ಏನಾಗುತ್ತೆ ಅಂತ ಪರೀಕ್ಷೆನೂ ಆಗಿದೆ. 2017ರ ಕ್ಯಾಂಟೋಸ್ ಟ್ರಯಲ್‌ನಲ್ಲಿ ಮುಂಚೆ ಅಟ್ಯಾಕ್ ಆಗಿದ್ದ 10,000 ಜನರ ಮೇಲೆ ಉರಿಯೂತ ತಗ್ಗಿಸೋ ಒಂದು ಇಂಜೆಕ್ಷನ್ ನೋಡಿದ್ರು, ಆ ಇಂಜೆಕ್ಷನ್ ಎಲ್‌ಡಿಎಲ್ ಮುಟ್ಟಲ್ಲ, ಆದ್ರೂ ಮಧ್ಯಮ ಡೋಸಲ್ಲಿ ಮತ್ತೆ ಅಟ್ಯಾಕ್, ಸ್ಟ್ರೋಕ್, ಹೃದಯದ ಸಾವು ಸೇರಿ 15% ಕಡಿಮೆ ಆಯ್ತು. ಸೋಂಕು ಬಂದು ಸಾಯೋರು ಸ್ವಲ್ಪ ಜಾಸ್ತಿ ಆದ್ರು, ಹಾಗಾಗಿ ಅದು ಹೃದಯಕ್ಕೆ ಅಂತ ಬಳಕೆಗೆ ಬರ್ಲಿಲ್ಲ.

ಆದರೆ ಆ ಬಿಳಿಕಣಗಳು ಅಲ್ಲಿಗೆ ಬಂದಿದ್ದು ಯಾಕೆ? ಗೋಡೆಯೊಳಗೆ ಕೆಟ್ಟು ಕೂತ ಎಲ್‌ಡಿಎಲ್ ತಿನ್ನೋಕೆ. ಅಮೆರಿಕದ ಕೆಲವು ಕಪ್ಪು ಜನರಲ್ಲಿ ಒಂದು ಜೀನ್ ಕೆಲಸ ಮಾಡಲ್ಲ, ಅದರಿಂದ ಹುಟ್ಟಿದಾಗಿಂದ ಎಲ್‌ಡಿಎಲ್ ಸುಮಾರು 28% ಕಡಿಮೆ. ಹದಿನೈದು ವರ್ಷ ಗಮನಿಸಿ 2006ರಲ್ಲಿ ವರದಿ ಕೊಟ್ರು, ಅವರಲ್ಲಿ ಈ ಹೃದ್ರೋಗ 88% ಕಡಿಮೆ. ಬಿಪಿ, ಸಿಗರೇಟು ಅವರಲ್ಲೂ ಬೇಕಾದಷ್ಟು ಇತ್ತು. ನಿಮ್ಮ ಅಜ್ಜನವರ ಎಲ್‌ಡಿಎಲ್ ಎಷ್ಟಿತ್ತು ಅಂತ ಯಾರೂ ನೋಡಿರಲ್ಲ, ಬೆಣ್ಣೆ ತಿಂದರೂ ಕಡಿಮೆ ಇರೋರು ಇದಾರೆ.

ಧಾರವಾಡ_ಫೇಡಾ
ಅಮೇರಿಕಾದವ್ರ ಜೀನ್ ತಗೊಂಡು ನಮಗೇನ್ ಮಾಡೂದೈತ್ರಿ. ಇರಲಿ, ಆ ಅಂಚಿನ ಮಾತು ಹೊಸಾದು ನನಗ, ಅದನ್ನ ಒಪ್ಪತೀನಿ. ಗುಳಿಗಿ ಮಾತ್ರ ಒಪ್ಪೂದಿಲ್ಲ.

ಜಯನಗರ_ವಿಜಯಮ್ಮ
ನನ್ನದೊಂದು ಇದೆ, ಯಾರಾದ್ರೂ ಹೇಳಿ. ಹೃದಯದ ನಾಳದಲ್ಲಿ ಎಷ್ಟು ಕ್ಯಾಲ್ಸಿಯಂ ಕೂತಿದೆ ಅಂತ ನೋಡೋ ಸಿಟಿ ಕ್ಯಾಲ್ಸಿಯಂ ಸ್ಕೋರ್ ಮೂರು ವರ್ಷದ ಹಿಂದೆ 80 ಇತ್ತು, ಕೊಲೆಸ್ಟ್ರಾಲ್ ಇಳಿಸೋ ಸ್ಟ್ಯಾಟಿನ್ ಶುರು ಮಾಡಿದ್ರು, ತಪ್ಪದೆ ತಗೊಂಡೆ, ಮೊನ್ನೆ ಮಾಡ್ಸಿದ್ರೆ 140. ಮಾತ್ರೆ ತಗೊಂಡು ಜಾಸ್ತಿ ಆಗಿದೆ ಅಂದ್ರೆ ಫೇಡಾ ಅವರು ಹೇಳೋದೇ ಸರಿ ಅನ್ಸುತ್ತೆ. ಕ್ಯಾಲ್ಸಿಯಂ ಬ್ಲಾಕ್ ಆಗುತ್ತೆ ಅಂತ ನಾನು ರಾಗಿ ಗಂಜಿ, ಹಾಲು ಎರಡೂ ಬಿಟ್ಟಿದೀನಿ, ಆದ್ರೂ ಏರಿದೆ. ಮೊಸರೂ ಬಿಡ್ಬೇಕಾ?

ಬಲೂನ್_ಬಾಬು
ಅಯ್ಯೋ ಅಮ್ಮಾ, ರಾಗಿ ಏನ್ ಪಾಪ ಮಾಡ್ತು. ಗಂಜಿಯ ಕ್ಯಾಲ್ಸಿಯಂ ಹೋಗಿ ಅಲ್ಲಿ ಕೂರಲ್ಲ, ಆರಾಮಾಗಿ ಕುಡೀರಿ.

ಸ್ಲೈಡ್_ಮೇಷ್ಟ್ರು
ವಿಜಯಮ್ಮನವರೇ, ನೀವು ಮಾತ್ರೆ ನಿಲ್ಲಿಸ್ಬೇಡಿ, ಡಾಕ್ಟರ ಹತ್ರ ಈ ಸ್ಕೋರ್ ತಗೊಂಡು ಹೋಗಿ ಮಾತಾಡಿ. ಸತ್ತ ಕೋಶಗಳ ಹಳೇ ಗಾಯದಲ್ಲಿ ಕ್ಯಾಲ್ಸಿಯಂ, ಅಂದ್ರೆ ಸುಣ್ಣ, ಕೂರುತ್ತೆ, ಮಾಗೋ ಗಾಯದಲ್ಲೂ ಕೂರುತ್ತೆ. ಸ್ಟ್ಯಾಟಿನ್ ತಗೊಂಡಾಗ ಮೆತ್ತಗಿನ ಮುದ್ದೆ ಕುಗ್ಗಿ, ಮುಚ್ಚಳ ದಪ್ಪ ಆಗಿ, ಉಳಿದದ್ದು ಗಟ್ಟಿ ಆಗೋದು ಸಾಮಾನ್ಯ, ಅದಕ್ಕೇ ಸ್ಕೋರ್ ಏರಬಹುದು. ಬರೀ ಮಾತ್ರೆಯಿಂದ ಏರಿದ್ಯಾ ಅಥವಾ ಕಾಯಿಲೆನೂ ಬೆಳೆದಿದೆಯಾ ಅಂತ ಆ ಒಂದು ನಂಬರಿಂದ ಹೇಳೋಕಾಗಲ್ಲ, ನಿಮ್ಮ ಎಲ್‌ಡಿಎಲ್ ಎಷ್ಟಕ್ಕೆ ಇಳಿದಿದೆ ಅನ್ನೋದು ನೋಡ್ಬೇಕು.

ಪೋಸ್ಟ್‌ಮಾರ್ಟಂನಲ್ಲಿ ಹೃದಯದ ನಾಳವನ್ನ ಮೂರು ಮಿಲಿಮೀಟರಿಗೊಂದರಂತೆ ಅಡ್ಡಡ್ಡ ಕೊಯ್ತೀವಿ. ಸುಣ್ಣ ಕಟ್ಟಿದ ಜಾಗಕ್ಕೆ ಬ್ಲೇಡ್ ಹೋಗಲ್ಲ, ಕಟಕಟ ಅನ್ನುತ್ತೆ, ಆಸಿಡ್‌ನಲ್ಲಿ ನೆನೆಹಾಕಿ ಮೆತ್ತಗೆ ಮಾಡ್ಕೊಂಡೇ ಕೊಯ್ಯೋದು. ಹೊಸ ವಿದ್ಯಾರ್ಥಿಗಳೆಲ್ಲ ಆ ಗಟ್ಟಿ ಜಾಗ ತೋರಿಸಿ ಇಲ್ಲೇ ಸಾರ್ ಆಗಿರೋದು ಅಂತಿದ್ರು. ಎಷ್ಟೋ ಸಲ ಕ್ಲಾಟ್ ಸಿಗ್ತಿದ್ದಿದ್ದು ಅದರಿಂದ ಒಂದೂವರೆ ಸೆಂಟಿಮೀಟರ್ ಆಚೆ, ಬೆರಳಲ್ಲಿ ಮುಟ್ಟಿದ್ರೆ ಮೆತ್ತಗಿರೋ ಕಡೆ. ಹಾಗಂತ ಸುಣ್ಣ ಒಳ್ಳೇದು ಅಂತಲ್ಲ, ಸ್ಕೋರ್ ಜಾಸ್ತಿ ಇದ್ದವರ ನಾಳದಲ್ಲಿ ಮೆತ್ತಗಿನದೂ ಜಾಸ್ತಿನೇ ಇರುತ್ತೆ.

ಸಾಗರದ_ಸುಬ್ಬು
ಮೇಷ್ಟ್ರೇ ಅದೇ ದಿನ ಯಾಕೆ ಹರೀತು ಅನ್ನೋದು ಉಳೀತು.

ಸ್ಲೈಡ್_ಮೇಷ್ಟ್ರು
ಮರ್ತಿಲ್ಲ. ಬೆಳಗಿನ ಜಾವದಿಂದ ಮಧ್ಯಾಹ್ನದವರೆಗಿನ ಹೊತ್ತಲ್ಲಿ ಅಟ್ಯಾಕ್ ಜಾಸ್ತಿ. ಏಳೋ ಹೊತ್ತಿಗೆ ಬಿಪಿ ಏರುತ್ತೆ, ಅಡ್ರಿನಲಿನ್ ಏರುತ್ತೆ, ಪ್ಲೇಟ್‌ಲೆಟ್ ಬೇಗ ಅಂಟಿಕೊಳ್ಳೋ ಸ್ಥಿತಿಯಲ್ಲಿರುತ್ತೆ. ತೆಳುವಾದ ಮುಚ್ಚಳಕ್ಕೆ ಅಷ್ಟೇ ಸಾಕಾಗಬಹುದು. ಒಬ್ಬೊಬ್ಬರಲ್ಲಿ ಯಾವುದು ಕಾರಣ ಅಂತ ಬೆರಳಿಟ್ಟು ತೋರ್ಸೋಕೆ ಆಗಲ್ಲ.

ಹರಿದ ಮೇಲಿನದು ನಿಮಿಷಗಳ ಲೆಕ್ಕ. ಮುದ್ದೆಯಲ್ಲಿ ರಕ್ತ ಹೆಪ್ಪುಗಟ್ಟಿಸೋ ಟಿಶ್ಯೂ ಫ್ಯಾಕ್ಟರ್ ತುಂಬಿರುತ್ತೆ, ಅದಕ್ಕೆ ರಕ್ತ ತಾಗಿದ್ರೆ ದೇಹಕ್ಕೆ ಇಲ್ಲೆಲ್ಲೋ ಗಾಯ ಆಗಿದೆ ಅನ್ನೋದಷ್ಟೇ ಗೊತ್ತಾಗೋದು. ಬೆರಳು ಕೊಯ್ದಾಗ ಏನು ಮಾಡುತ್ತೋ ಅದನ್ನೇ ಮೂರು ಮಿಲಿಮೀಟರ್ ನಾಳದಲ್ಲೂ ಮಾಡುತ್ತೆ. ಪ್ಲೇಟ್‌ಲೆಟ್ ಮುತ್ತುತ್ತೆ, ಫೈಬ್ರಿನ್ ಬಲೆ ಕಟ್ಟುತ್ತೆ, ದಾರಿ ಮುಚ್ಚುತ್ತೆ. ಆಸ್ಪಿರಿನ್ 300 ಅಗಿಯೋಕೆ ಕೊಡೋದು ಆ ಪ್ಲೇಟ್‌ಲೆಟ್‌ಗೋಸ್ಕರ. ಭಾವ ಬಿಸಿನೀರು ಕುಡೀತಾ ಕೂತ ಎರಡು ಗಂಟೆಯಲ್ಲಿ ಆಚೆ ಸ್ನಾಯು ಸಾಯ್ತಾ ಇತ್ತು, ಎಕೋ ಮಾಡ್ಸಿ ಪಂಪಿಂಗ್ ಎಷ್ಟು ಉಳಿದಿದೆ ನೋಡಿ.

ಇನ್ನೂ ಒಂದಿದೆ, ನನಗೆ ಇವತ್ತಿಗೂ ಬೆರಗು. ಹರಿದದ್ದೆಲ್ಲ ಅಟ್ಯಾಕ್ ಆಗಲ್ಲ. ಸಣ್ಣದಾಗಿ ಹರಿದು, ಸ್ವಲ್ಪ ಕ್ಲಾಟ್ ಕೂತು, ದಾರಿ ಪೂರ್ತಿ ಮುಚ್ಚದೆ ಹಾಗೇ ಮಾಗಿಹೋಗೋದು ಬೇಕಾದಷ್ಟಿದೆ, ಆ ಮನುಷ್ಯಂಗೆ ಗೊತ್ತೇ ಆಗಿರಲ್ಲ. ಸ್ಲೈಡಲ್ಲಿ ಒಂದರ ಮೇಲೊಂದು ಪದರ ಕಾಣುತ್ತೆ, ಹಳೇ ಮುಚ್ಚಳ, ಅದರ ಮೇಲೆ ಮಾಗಿದ ಕ್ಲಾಟ್, ಅದರ ಮೇಲೆ ಹೊಸ ಮುಚ್ಚಳ. ಕಿಟ್ಟಣ್ಣನವರ 40, 70, 90 ಏಣಿ ಇದೆಯಲ್ಲ, ಎಷ್ಟೋ ಜನರಲ್ಲಿ ಅದು ದಿನಾ ಒಂದಿಷ್ಟು ಸೇರಿ ಆಗಿದ್ದಲ್ಲ, ಹೀಗೆ ಹರಿದು ಮಾಗಿ ಒಂದೇ ಸಲಕ್ಕೆ ಜಿಗಿದಿದ್ದು.

ಕುಡ್ಲದ_ಕಿಟ್ಟಣ್ಣ
ಹಾಗಾದ್ರೆ 40% ಇರುವಾಗಲೇ ಎಲ್ಲರಿಗೂ ಸ್ಟೆಂಟ್ ಹಾಕಿ ಬಿಟ್ರೆ ಆಯ್ತಲ್ಲ?

ಬಲೂನ್_ಬಾಬು
ಕೊರಿಯಾದವರ ನೇತೃತ್ವದಲ್ಲಿ ಅದನ್ನೇ ಮಾಡಿ ನೋಡಿದ್ರು ಕಿಟ್ಟಣ್ಣ, ಪ್ರಿವೆಂಟ್ ಅಂತ ಟ್ರಯಲ್, 2024ರಲ್ಲಿ ಬಂತು. ರಕ್ತದ ಹರಿವಿಗೆ ತೊಂದರೆ ಕೊಡದ, ಆದ್ರೆ ಇಮೇಜಿಂಗ್‌ನಲ್ಲಿ ಅಪಾಯದ ಲಕ್ಷಣ ಇರೋ ಪ್ಲಾಕ್‌ಗೆ ಒಂದು ಗುಂಪಿಗೆ ಸ್ಟೆಂಟ್, ಇನ್ನೊಂದಕ್ಕೆ ಮಾತ್ರೆ ಮಾತ್ರ. ಎರಡು ವರ್ಷದಲ್ಲಿ ಸ್ಟೆಂಟ್ ಗುಂಪಲ್ಲಿ 0.4% ಜನಕ್ಕೆ ತೊಂದರೆ, ಮಾತ್ರೆ ಗುಂಪಲ್ಲಿ 3.4%. ನನ್ ಪ್ರಕಾರ ಇನ್ನು ಹತ್ತು ವರ್ಷದಲ್ಲಿ ಇದೇ ರೂಢಿ ಆಗುತ್ತೆ.

ಸ್ಲೈಡ್_ಮೇಷ್ಟ್ರು
ನಾನು ಒಪ್ಪಲ್ಲ ಬಾಬು. ಆ 3.4ರಲ್ಲಿ ಹೆಚ್ಚಿನ ಪಾಲು ಆಮೇಲೆ ಎದೆನೋವು ಅಂತ ಅಡ್ಮಿಟ್ ಆದವರು, ಸ್ಟೆಂಟ್ ಹಾಕ್ಸಿಕೊಂಡವರು. ಸಾವು, ನಿಜವಾದ ಅಟ್ಯಾಕ್ ಎರಡು ಗುಂಪಲ್ಲೂ ಬೆರಳೆಣಿಕೆ. ಅದನ್ನ ತಿರುಗಿಸಿ ಓದಿ, ಅಪಾಯದ್ದು ಅಂತ ಆರಿಸಿ ಹಿಡಿದ ಪ್ಲಾಕ್‌ಗಳಲ್ಲೇ ನೂರಕ್ಕೆ 96 ಸುಮ್ಮನೆ ಕೂತಿದ್ವು. ಸ್ಟೆಂಟ್ ಒಂದು ಜಾಗಕ್ಕೆ, ಕಾಯಿಲೆ ಮೂರೂ ನಾಳದ ಉದ್ದಕ್ಕೂ.

ಬಲೂನ್_ಬಾಬು
ಮೇಷ್ಟ್ರೇ ನೀವು ಸತ್ತವರನ್ನ ನೋಡಿದ್ದು, ನಾನು ಟೇಬಲ್ ಮೇಲೆ ಬದುಕಿರೋರನ್ನ ನೋಡ್ತೀನಿ 😀 ನೋಡೋಣ, ಮುಂದಿನ ಟ್ರಯಲ್ ಬರ್ಲಿ.

ನೈಟ್‌ಶಿಫ್ಟ್_ನವೀನ
31 ವರ್ಷ, ಸಿಗರೇಟ್ ಇದೆ, ಎಲ್‌ಡಿಎಲ್ 102 ಅಷ್ಟೇ. 2025ರ ಜುಲೈನಲ್ಲಿ ಹಾಸನದ ಹಾರ್ಟ್ ಅಟ್ಯಾಕ್ ಸಾವುಗಳ ಸುದ್ದಿ ಬಂದು ಮೈಸೂರು ಜಯದೇವ ಮುಂದೆ ಜನ ಕ್ಯೂ ನಿಂತಿದ್ರಲ್ಲ, ಆಗ್ಲೇ ನಾನೂ ಹೆದರಿ ಟಿಎಂಟಿ ಮಾಡ್ಸಿದ್ದೆ, ನಾರ್ಮಲ್. ಈ ಥ್ರೆಡ್ ಓದಿ ಆ ಧೈರ್ಯನೂ ಹೋಯ್ತು. ನನ್ನಂಥವರಿಗೆ ಹರಿಯೋ ಅಷ್ಟು ಪ್ಲಾಕ್ ಎಲ್ಲಿರುತ್ತೆ?

ಸ್ಲೈಡ್_ಮೇಷ್ಟ್ರು
ಹರೀಲೇಬೇಕು ಅಂತಿಲ್ಲ ನವೀನ್, ಅದೇ ತೊಂದರೆ. ಸಿಗರೇಟು ಸೇದೋ ಚಿಕ್ಕ ವಯಸ್ಸಿನವರಲ್ಲಿ, ಇನ್ನೂ ಮುಟ್ಟು ನಿಂತಿರದ ವಯಸ್ಸಿನ ಹೆಂಗಸರಲ್ಲಿ ಇನ್ನೊಂದು ಬಗೆ ನೋಡ್ತೀವಿ. ಮುಚ್ಚಳ ಗಟ್ಟಿಯಾಗೇ ಇರುತ್ತೆ, ಮೇಲಿನ ಆ ಒಂದು ಪದರದ ಹಾಸು ಮಾತ್ರ ಸವೆದು ಹೋಗಿರುತ್ತೆ, ಆ ಬರಿಮೈ ಮೇಲೆ ಪ್ಲೇಟ್‌ಲೆಟ್ ಕೂರುತ್ತೆ. ಇದಕ್ಕೆ ಎರೋಷನ್ ಅಂತೀವಿ, ಹಾರ್ಟ್ ಅಟ್ಯಾಕ್‌ಗಳಲ್ಲಿ ಕಾಲು ಭಾಗದ ಆಸುಪಾಸು ಈ ಬಗೆಯದು. ಸಿಗರೇಟು ಆ ಹಾಸನ್ನೂ ಕೆಡಿಸುತ್ತೆ, ಪ್ಲೇಟ್‌ಲೆಟ್‌ನೂ ಅಂಟು ಮಾಡುತ್ತೆ. ನಿಮ್ಮ 102ಕ್ಕೆ ಅಲ್ಲ, ಸಿಗರೇಟಿಗೆ ಹೆದರಿ. ಹೃದ್ರೋಗದ ಅಪಾಯ ಹೆಚ್ಚಿಸೋ ಲೈಪೋಪ್ರೋಟೀನ್ ಎ ಅಂತ ಒಂದರ ಟೆಸ್ಟ್ ಇದೆ, ಅದರ ಮಟ್ಟ ಹೆಚ್ಚಾಗಿ ವಂಶದಿಂದ ಬರೋದು, ಜೀವನದಲ್ಲಿ ಒಂದ್ಸಲ ಮಾಡ್ಸಿದ್ರೆ ಸಾಮಾನ್ಯವಾಗಿ ಸಾಕು, ಮಾಮೂಲಿ ಲಿಪಿಡ್ ಪ್ರೊಫೈಲಲ್ಲಿ ಅದು ಬರಲ್ಲ.

ಸಾಗರದ_ಸುಬ್ಬು
ಭಾವನ ಹಳೇ ರಿಪೋರ್ಟ್ ತೆಗ್ದು ನೋಡ್ದೆ, ಎಲ್‌ಡಿಎಲ್ 138, ಅದಕ್ಕೂ ಹಿಂದಿನ ವರ್ಷ 141. ಯಾರೂ ಅದನ್ನ ಗಮನಿಸಿಲ್ಲ, ಎಲ್ರೂ ಟಿಎಂಟಿ ಹಾಳೆನೇ ನೋಡಿದ್ವಿ. ಈಗ 55ಕ್ಕಿಂತ ಕೆಳಗೆ ಇಳಿಸ್ಬೇಕು ಅಂದಿದಾರೆ. ಎಕೋದಲ್ಲಿ ಪಂಪಿಂಗ್ 42% ಬಂದಿದೆ ಮೇಷ್ಟ್ರೇ, ಇದು ಮತ್ತೆ ಮೇಲೇರುತ್ತಾ?

ಸ್ಲೈಡ್_ಮೇಷ್ಟ್ರು
ಸ್ವಲ್ಪ ಏರೋ ಸಾಧ್ಯತೆ ಇದೆ, ಸ್ನಾಯು ಒಂದಿಷ್ಟು ಬರೀ ಮರಗಟ್ಟಿರುತ್ತೆ, ಸತ್ತಿರಲ್ಲ. ಸುಮಾರು ಮೂರು ತಿಂಗಳಾದ್ಮೇಲೆ ಮತ್ತೆ ಎಕೋ ಮಾಡ್ತಾರೆ, ಆಗಿನದ್ದೇ ಲೆಕ್ಕ. ಎರಡು ಬಗೆಯ ರಕ್ತ ತೆಳು ಮಾಡೋ ಮಾತ್ರೆ ಕೊಟ್ಟಿರ್ತಾರೆ, ಹಲ್ಲು ಕೀಳ್ಸೋಕೆ ಅಂತಾನೋ ಇನ್ನೇನಕ್ಕೋ ಅವರಷ್ಟಕ್ಕೆ ಅವರು ನಿಲ್ಲಿಸ್ಬಾರ್ದು, ಸ್ಟೆಂಟ್ ಒಳಗೇ ಕ್ಲಾಟ್ ಆಗುತ್ತೆ.

ಜಯನಗರ_ವಿಜಯಮ್ಮ
ರಾಗಿ ಗಂಜಿ ಶುರು ಮಾಡಿದೆ. ಮೊಸರಿನ ವಿಷಯ ಯಾರೂ ಹೇಳಲೇ ಇಲ್ಲ.